ಯೂನಿಟ್: ಮೊಲದಿಂದ ಮಿಲಿಲೀಟರಿಗೆ

ನಮ್ಮ ಮನೆಗಳಲ್ಲಿ ಯೂನಿಟ್ ಎಂಬ ಮಾತು ಮೂರು ಕಡೆ ಕೇಳಿಬರುತ್ತದೆ. ಕರೆಂಟ್ ಬಿಲ್ಲು ಬಂದಾಗ, ಆಸ್ಪತ್ರೆಯವರು ರಕ್ತ ತಂದುಕೊಡಿ ಎಂದಾಗ, ಮತ್ತು ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬರೆದುಕೊಟ್ಟಾಗ. ಕರೆಂಟಿನ ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಗಂಟೆ. ಬ್ರಿಟನ್ನಿನಲ್ಲಿ ಅದನ್ನು ಒಂದು ಕಾಲಕ್ಕೆ ಬೋರ್ಡ್ ಆಫ್ ಟ್ರೇಡ್ ಯೂನಿಟ್ ಎಂದೇ ಕರೆಯುತ್ತಿದ್ದರು. ರಕ್ತದ ಯೂನಿಟ್ ಅಂದರೆ ಒಂದು ಚೀಲ. ಇನ್ಸುಲಿನ್ನಿನ ಯೂನಿಟ್ ಅಂದರೇನು ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ: ಸಿರಿಂಜಿನ ಮೇಲಿರುವ ಒಂದು ಗೀಟು, ಇಲ್ಲವೇ ಎಂಎಲ್‌ನಲ್ಲಿ ಒಂದು ಸಣ್ಣ ಪಾಲು. ಎರಡೂ ಸರಿಯಲ್ಲ. ಇನ್ಸುಲಿನ್ ಪ್ರಮಾಣದಲ್ಲಿ ಆಗುವ ದೊಡ್ಡ ತಪ್ಪುಗಳಲ್ಲಿ ಹಲವು ಈ ಎರಡು ಉತ್ತರಗಳಿಂದಲೇ ಹುಟ್ಟುತ್ತವೆ. ಈ ಪದ ಎಲ್ಲಿಂದ ಹೊರಟು ಇಲ್ಲಿಗೆ ಬಂತು ಎಂದು ನೋಡಿದರೆ, ಯೂನಿಟನ್ನು ಮಿಲಿಲೀಟರಿಗೆ ಬದಲಿಸುವ ಲೆಕ್ಕವೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ಯೂನಿಟ್ ಅಷ್ಟೇನೂ ಹಳೆಯ ಪದವಲ್ಲ. 1570ರಲ್ಲಿ ಯೂಕ್ಲಿಡನ ರೇಖಾಗಣಿತ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದಕ್ಕೆ ಗಣಿತಜ್ಞ ಜಾನ್ ಡೀ ದೀರ್ಘವಾದ ಮುನ್ನುಡಿ ಬರೆದ. ಎಣಿಕೆಯಲ್ಲಿ ಇನ್ನು ಒಡೆಯಲಾಗದ 'ಒಂದು' ಎಂಬುದಕ್ಕೆ ಗ್ರೀಕರಲ್ಲಿ ಮೊನಾಸ್ ಎಂಬ ಪದವಿತ್ತು. ಇಂಗ್ಲಿಷರು ಅದಕ್ಕೆ ಯೂನಿಟಿ ಎನ್ನುತ್ತಿದ್ದರು. ಆ ಮಾತಿಗೆ ಐಕ್ಯ, ಒಗ್ಗಟ್ಟು ಎಂಬ ಅರ್ಥಗಳೂ ಅಂಟಿಕೊಂಡಿದ್ದವು. ಡೀ ಅದರ ಬಾಲ ಕತ್ತರಿಸಿ ಯೂನಿಟ್ ಮಾಡಿದ. ಇನ್ನು ಮುಂದೆ ಮೊನಾಸ್‌ಗೆ ಈ ಪದವನ್ನೇ ಬಳಸಬೇಕೆಂದು ಪುಟದ ಅಂಚಿನಲ್ಲಿ ಓದುಗರಿಗೆ ಸೂಚನೆಯನ್ನೂ ಕೊಟ್ಟ. ನಮ್ಮ ಶಾಲೆಗಳಲ್ಲಿ ಮಕ್ಕಳು ಬಿಡಿ, ಹತ್ತು, ನೂರು ಎಂದು ಸ್ಥಾನಬೆಲೆ ಕಲಿಯುತ್ತಾರಲ್ಲ, ಆ 'ಬಿಡಿ' ಜಾನ್ ಡೀಯ ಯೂನಿಟ್‌ಗೆ ತಕ್ಕ ಜೋಡಿ.

ಎಣಿಕೆಯ ಈ ಬಿಡಿ ಮುಂದೆ ಅಳತೆಗೆ ಇಳಿಯಿತು. ಉದ್ದಕ್ಕೆ ಒಂದು ಬಿಡಿ, ತೂಕಕ್ಕೆ ಒಂದು ಬಿಡಿ, ಕಾಲಕ್ಕೆ ಒಂದು ಬಿಡಿ. ಕನ್ನಡದ ವಿಜ್ಞಾನ ಪಠ್ಯಗಳು ಇದನ್ನು ಏಕಮಾನ ಎನ್ನುತ್ತವೆ. ಏಕ ಮತ್ತು ಮಾನ, ಅಂದರೆ ಎಣಿಕೆ ಮತ್ತು ಅಳತೆ, ಎರಡೂ ಆ ಪದದೊಳಗೇ ಇವೆ. ನನಗೆ ಅದು ಇಂಗ್ಲಿಷ್ ಪದಕ್ಕಿಂತ ಒಳ್ಳೆಯ ಪದವಾಗಿ ಕಾಣುತ್ತದೆ. ಆದರೂ ಔಷಧದ ಚೀಟಿಯಲ್ಲಿ ಅದು ನೆಲೆಯೂರಲಿಲ್ಲ, ಯೂನಿಟ್ಟೇ ಉಳಿಯಿತು. ಮನೆಮಾತಿನಲ್ಲಿ ಅದೂ ಎಷ್ಟೋ ಸಲ ಉದುರಿಹೋಗಿ "ಬೆಳಿಗ್ಗೆ ಇಪ್ಪತ್ನಾಲ್ಕು, ರಾತ್ರಿ ಹದಿನಾರು" ಎಂಬ ಬರಿಯ ಅಂಕಿ ಉಳಿಯುತ್ತದೆ. ಕೆಲವರು ಪಾಯಿಂಟ್ ಎನ್ನುವುದೂ ಉಂಟು.

ಅಂಕಿಯ ಹಿಂದೆ ಏನಿದೆ ಎಂದು ತಿಳಿಯಲು 1922ರ ಟೊರಾಂಟೊಗೆ ಹೋಗಬೇಕು.

ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್, ಜೆ.ಜೆ.ಆರ್. ಮೆಕ್ಲಿಯೋಡ್ ಮತ್ತು ಜೇಮ್ಸ್ ಕಾಲಿಪ್ ಅಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಒಂದು ಸಾರ ತೆಗೆದಿದ್ದರು. ಆ ವರ್ಷದ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಚುಚ್ಚಿದರು. ಮೊದಲ ಸಲ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಕೆಲವು ದಿನಗಳ ಮೇಲೆ ಕಾಲಿಪ್ ಶುದ್ಧಿಮಾಡಿಕೊಟ್ಟ ಸಾರ ಕೆಲಸ ಮಾಡಿತು. ಆದರೆ ಬಾಟಲಿಯಲ್ಲಿ ಏನಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇನ್ಸುಲಿನ್ ಪ್ರೋಟೀನು ಎಂಬುದೇ ಇನ್ನೂ ಖಚಿತವಾಗಿರಲಿಲ್ಲ. ಒಂದು ಸಲ ತಯಾರಿಸಿದ ಸಾರದಲ್ಲಿ ಕಸ ಹೆಚ್ಚು, ಇನ್ನೊಂದು ಸಲದ್ದರಲ್ಲಿ ಕಡಿಮೆ. ಇಷ್ಟು ಮಿಲಿಗ್ರಾಂ ಕೊಡಿ ಎಂದರೆ ಇನ್ಸುಲಿನ್ ಎಷ್ಟು, ಕಸ ಎಷ್ಟು ಎಂದು ತಿಳಿಯದು. ಇಷ್ಟು ಮಿಲಿಲೀಟರ್ ಎಂದರೂ ಅದೇ ಪಾಡು.

ತೂಗಲು ಬಾರದ ವಸ್ತುವನ್ನು ಅದು ಮಾಡುವ ಕೆಲಸದಿಂದ ಅಳೆಯಬೇಕಾಯಿತು. ಅಳೆಯುವ ಸಾಧನವಾಗಿ ಸಿಕ್ಕಿದ್ದು ಮೊಲ. ಉಪವಾಸವಿಟ್ಟ ಮೊಲಕ್ಕೆ ಸಾರ ಚುಚ್ಚಿದರೆ ರಕ್ತದ ಸಕ್ಕರೆ ಇಳಿಯುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 45 ಮಿಲಿಗ್ರಾಮಿಗೆ ಬಂದಾಗ ಮೊಲಕ್ಕೆ ಸೆಳೆತ ಶುರುವಾಗುತ್ತದೆ. ಎರಡು ಕಿಲೋ ತೂಕದ, ಒಂದು ದಿನ ಉಪವಾಸವಿದ್ದ ಮೊಲದ ಸಕ್ಕರೆಯನ್ನು ಕೆಲವು ಗಂಟೆಗಳಲ್ಲಿ ಆ ಮಟ್ಟಕ್ಕೆ ಇಳಿಸಲು ಬೇಕಾದಷ್ಟು ಸಾರವೇ ಒಂದು ಯೂನಿಟ್ ಎಂದು ಟೊರಾಂಟೊದವರು ಗೊತ್ತುಮಾಡಿಕೊಂಡರು. ಮೊದಲ ಯೂನಿಟ್ ಹೀಗೆ ಹನಿಯೂ ಅಲ್ಲ, ತೂಕವೂ ಅಲ್ಲ; ಒಂದು ಪ್ರಾಣಿಯ ಮೈಯಲ್ಲಿ ನಡೆದ ಕೆಲಸ.

ರೋಗಿಗಳಿಗೆ ಕೊಡುವಾಗ ಈ ಮೊಲದ ಯೂನಿಟ್ ತೀರ ದೊಡ್ಡದಾಯಿತು. ಅರ್ಧ, ಕಾಲು ಎಂದು ಒಡೆದು ಕೊಡಬೇಕಾಗುತ್ತಿತ್ತು. 1923ರಲ್ಲಿ ಎಡಿನ್‌ಬರೊದಲ್ಲಿ ರಾಷ್ಟ್ರಸಂಘದ ಆರೋಗ್ಯ ವಿಭಾಗದ ಸಭೆ ಸೇರಿತು. ಔಷಧಗಳ ಅಳತೆಗಳನ್ನು ಜಗತ್ತಿಗೆಲ್ಲ ಒಂದು ಮಾಡಲು ದುಡಿದ ಹೆನ್ರಿ ಡೇಲ್ ಈ ಕೆಲಸದ ಮುಂಚೂಣಿಯಲ್ಲಿದ್ದರು. ಮೊಲದ ಯೂನಿಟ್ಟಿನ ಮೂರನೇ ಒಂದು ಪಾಲನ್ನು ಅಂತರರಾಷ್ಟ್ರೀಯ ಯೂನಿಟ್ ಎಂದು ಸಭೆ ಒಪ್ಪಿತು. ಬಾಟಲಿಯ ಮೇಲಿನ ಐಯು ಎಂಬ ಎರಡಕ್ಷರ ಈ ಅಂತರರಾಷ್ಟ್ರೀಯ ಯೂನಿಟ್‌ನದು. ಆದರೆ ಮೊಲ ಮೊಲಕ್ಕೂ ವ್ಯತ್ಯಾಸ. ಮೆಟ್ರಿಕ್ ಪದ್ಧತಿ ಬರುವ ಮೊದಲು ಒಂದು ಸಂತೆಯ ಸೇರಿಗೂ ಪಕ್ಕದ ಸಂತೆಯ ಸೇರಿಗೂ ಹೊಂದುತ್ತಿರಲಿಲ್ಲವಲ್ಲ, ಹಾಗೆ ಟೊರಾಂಟೊದ ಮೊಲದ ಯೂನಿಟ್ಟಿಗೂ ಲಂಡನ್ನಿನ ಮೊಲದ ಯೂನಿಟ್ಟಿಗೂ ಹೊಂದಾಣಿಕೆ ಕಷ್ಟವಾಯಿತು. ಅದಕ್ಕೇ 1925ರಲ್ಲಿ ಒಣ ಇನ್ಸುಲಿನ್ ಪುಡಿಯೊಂದನ್ನು ಮಾದರಿಯಾಗಿ ತೆಗೆದಿಟ್ಟರು. ಆ ಪುಡಿಯ ಒಂದು ಮಿಲಿಗ್ರಾಮಿನ ಎಂಟನೇ ಒಂದು ಭಾಗ, ಅಂದರೆ 0.125 ಮಿಲಿಗ್ರಾಂ, ಒಂದು ಯೂನಿಟ್ ಎಂದಾಯಿತು.

ಅಲ್ಲಿಂದ ಮುಂದೆ ಇನ್ಸುಲಿನ್ ಶುದ್ಧವಾಗುತ್ತ ಬಂದಂತೆ ಅದೇ ಕೆಲಸಕ್ಕೆ ಬೇಕಾದ ಪುಡಿ ಕಡಿಮೆಯಾಗುತ್ತ ಹೋಯಿತು. ಇಂದು ಮಾನವ ಇನ್ಸುಲಿನ್ನಿನ ಒಂದು ಯೂನಿಟ್ ಅಂದರೆ ಸುಮಾರು 0.035 ಮಿಲಿಗ್ರಾಂ. ಮೊಲಗಳು ಪ್ರಯೋಗಶಾಲೆಯಿಂದ ಹೊರಟುಹೋಗಿವೆ, ರಾಸಾಯನಿಕ ವಿಶ್ಲೇಷಣೆ ಆ ಜಾಗಕ್ಕೆ ಬಂದಿದೆ. ಹಾಗಾದರೆ ಮಿಲಿಗ್ರಾಮಿನಲ್ಲೇ ಬರೆಯಬಾರದೇಕೆ ಎಂದು ಯಾರಿಗಾದರೂ ಅನ್ನಿಸೀತು. ಡೆಟೆಮಿರ್ ಎಂಬ ದೀರ್ಘಾವಧಿ ಇನ್ಸುಲಿನ್ ಇದಕ್ಕೆ ಉತ್ತರ ಕೊಡುತ್ತದೆ. ಅದರ ಒಂದು ಯೂನಿಟ್ಟಿನಲ್ಲಿ 0.142 ಮಿಲಿಗ್ರಾಂ ವಸ್ತುವಿದೆ. ಮಾನವ ಇನ್ಸುಲಿನ್ನಿನ ನಾಲ್ಕು ಪಟ್ಟು. ಅಣುವಿನ ರಚನೆ ಬದಲಾಗಿ ಅದರ ಬಲ ಕಡಿಮೆಯಾಗಿರುವುದರಿಂದ ಅಷ್ಟೇ ಕೆಲಸಕ್ಕೆ ಅಷ್ಟು ಹೆಚ್ಚು ಬೇಕಾಗುತ್ತದೆ. ತೂಕ ನಾಲ್ಕು ಪಟ್ಟಾದರೂ ಯೂನಿಟ್ ಒಂದೇ ಉಳಿಯಿತು. ಮೊಲದ ಕಾಲದ ಅರ್ಥ ಪದದೊಳಗೆ ಇನ್ನೂ ಜೀವಂತವಾಗಿದೆ.

ಇಷ್ಟು ತಿಳಿದ ಮೇಲೆ ಮಿಲಿಲೀಟರಿನ ಪ್ರಶ್ನೆ ಸರಳವಾಗುತ್ತದೆ. ಯೂನಿಟ್ಟಿಗೆ ತನ್ನದೇ ಆದ ಗಾತ್ರವಿಲ್ಲ. ಎಷ್ಟು ದ್ರವದಲ್ಲಿ ಎಷ್ಟು ಯೂನಿಟ್ ಕರಗಿಸಿಟ್ಟಿದ್ದಾರೆ ಎಂಬುದು ತಯಾರಿಸಿದವರ ಆಯ್ಕೆ. ಆ ಆಯ್ಕೆಯನ್ನು ಅವರು ಬಾಟಲಿಯ ಚೀಟಿಯ ಮೇಲೆ ಅಚ್ಚುಹಾಕಿರುತ್ತಾರೆ. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಬಲ ಒಂದು ಮಿಲಿಲೀಟರಿಗೆ 100 ಯೂನಿಟ್. ಇದಕ್ಕೆ ಯು-100 ಎನ್ನುತ್ತಾರೆ. ಒಂದು ಮಿಲಿಲೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಯೂನಿಟ್. ಆದ್ದರಿಂದ ಲೆಕ್ಕ ಇಷ್ಟೇ:

ಮಿ.ಲೀ. = ಯೂನಿಟ್ ÷ 100

24 ಯೂನಿಟ್ ಬೇಕಾದರೆ 0.24 ಮಿ.ಲೀ. 16 ಯೂನಿಟ್‌ಗೆ 0.16. ಎರಡು ಯೂನಿಟ್‌ಗೆ 0.02. ನೂರರಿಂದ ಭಾಗಿಸುವುದೆಂದರೆ ದಶಮಾಂಶದ ಚುಕ್ಕಿಯನ್ನು ಎರಡು ಮನೆ ಎಡಕ್ಕೆ ಸರಿಸುವುದು. ಒಂದೇ ಮನೆ ಸರಿಸಿದರೆ 24 ಯೂನಿಟ್ ಹೋಗಿ 2.4 ಮಿ.ಲೀ. ಆಗುತ್ತದೆ, ಅಂದರೆ 240 ಯೂನಿಟ್. ಪ್ರಮಾಣ ಹತ್ತು ಯೂನಿಟ್ಟಿಗಿಂತ ಹೆಚ್ಚಿದ್ದಾಗ ಇದನ್ನು ಹಿಡಿಯಲು ಒಂದು ಸುಲಭ ತಾಳೆ ಇದೆ. ಯು-100ರಲ್ಲಿ ಒಂದು ಇಡೀ ಮಿಲಿಲೀಟರಿನಲ್ಲಿ 100 ಯೂನಿಟ್ ಇರುತ್ತದೆ, ಮತ್ತು ಒಂದು ಸಲಕ್ಕೆ ಅಷ್ಟು ಬೇಕಾಗುವವರು ಬಹಳ ಕಡಿಮೆ. ಉತ್ತರ ಒಂದನ್ನು ದಾಟಿದರೆ ಸಿರಿಂಜನ್ನು ಕೆಳಗಿಟ್ಟು ಮೊದಲಿನಿಂದ ನೋಡಬೇಕು.

ನೂರು ಎಂಬ ಈ ಅನುಕೂಲದ ಅಂಕಿಗೆ ಬರಲು ಐವತ್ತು ವರ್ಷ ಹಿಡಿಯಿತು. 1923ರ ಸುಮಾರಿಗೆ ಮಾರಾಟಕ್ಕೆ ಬಂದ ಇನ್ಸುಲಿನ್ನಿನಲ್ಲಿ ಮಿಲಿಲೀಟರಿಗೆ 10 ಅಥವಾ 20 ಯೂನಿಟ್ ಇದ್ದವು. ಹತ್ತರ ಬಲದಲ್ಲಿ 24 ಯೂನಿಟ್ ಅಂದರೆ 2.4 ಮಿ.ಲೀ.; ದಪ್ಪ ಸೂಜಿಯಲ್ಲಿ ಅಷ್ಟು ದ್ರವವನ್ನು ದಿನವೂ ಚುಚ್ಚಿಸಿಕೊಳ್ಳುವ ನೋವು ಊಹಿಸಬಹುದು. ಶುದ್ಧಿಯ ವಿಧಾನ ಸುಧಾರಿಸಿದಂತೆ 40ರ ಬಲ ಬಂತು, 80ರದೂ ಬಂತು. ಒಂದೇ ಊರಿನ ಅಂಗಡಿಯಲ್ಲಿ ಎರಡು ಮೂರು ಬಲದ ಬಾಟಲಿಗಳು ಒಟ್ಟಿಗೆ ಇರತೊಡಗಿದವು.

ಬ್ರಿಟನ್ನಿನಲ್ಲಿ ಇದರಿಂದ ಆದ ಫಜೀತಿಯ ಮೂಲ ಒಂದು ಪದದಲ್ಲೇ ಇತ್ತು. ಅಲ್ಲಿಯ ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಮಿಲಿಲೀಟರಿಗೆ 20 ಗೀಟು. ಇಪ್ಪತ್ತರ ಬಲದ ಇನ್ಸುಲಿನ್ ಇದ್ದಾಗ ಒಂದು ಗೀಟೇ ಒಂದು ಯೂನಿಟ್, ಗೊಂದಲವಿರಲಿಲ್ಲ. ನಲವತ್ತರ ಬಲ ಬಂದಾಗ ಒಂದು ಗೀಟು ಎರಡು ಯೂನಿಟ್ ಆಯಿತು, ಎಂಬತ್ತರಲ್ಲಿ ನಾಲ್ಕು. 24 ಯೂನಿಟ್ಟಿಗೆ ಒಂದರಲ್ಲಿ 24 ಗೀಟು, ಇನ್ನೊಂದರಲ್ಲಿ 12, ಮತ್ತೊಂದರಲ್ಲಿ 6. ರೋಗಿಗಳು ತಮ್ಮ ಪ್ರಮಾಣವನ್ನು ಗೀಟಿನ ಲೆಕ್ಕದಲ್ಲಿ ಹೇಳುತ್ತಿದ್ದರು, ವೈದ್ಯರು ಯೂನಿಟ್ ಎಂದು ಕೇಳಿಸಿಕೊಳ್ಳುತ್ತಿದ್ದರು. ಹನ್ನೆರಡು ಎಂದವರಿಗೆ ಬೇಕಾದದ್ದು 12 ಯೂನಿಟ್ಟೋ 24ಓ 48ಓ ಎಂದು ಅಂಕಿಯಿಂದ ತಿಳಿಯುವಂತಿರಲಿಲ್ಲ. ಅಮೆರಿಕದಲ್ಲಿ 40 ಮತ್ತು 80ರ ಎರಡೂ ಅಳತೆಪಟ್ಟಿ ಒಂದೇ ಸಿರಿಂಜಿನ ಮೇಲೆ ಇರುತ್ತಿದ್ದು, ತಪ್ಪು ಬದಿಯನ್ನು ಓದುವ ಅಪಾಯ ಇತ್ತು. ಕೊನೆಗೆ ಎಲ್ಲಕ್ಕೂ ಒಂದೇ ಬಲ ಎಂದು ಅಮೆರಿಕ 1970ರ ದಶಕದಲ್ಲಿ ನೂರಕ್ಕೆ ಹೊರಳಿತು, ಬ್ರಿಟನ್ 1983ರಲ್ಲಿ. ಯು-100 ಸಿರಿಂಜಿನಲ್ಲಿ ಅಂಕಿಗಳು ನೇರವಾಗಿ ಯೂನಿಟ್‌ಗಳೇ. ಅಲ್ಲೂ ಗೀಟಿನ ಬಗ್ಗೆ ಎಚ್ಚರ ಬೇಕು: ಅರ್ಧ ಮಿಲಿಲೀಟರಿನ ಸಿರಿಂಜಿನಲ್ಲಿ ಸಾಮಾನ್ಯವಾಗಿ ಒಂದು ಗೀಟು ಒಂದು ಯೂನಿಟ್, ಒಂದು ಮಿಲಿಲೀಟರಿನದರಲ್ಲಿ ಹೆಚ್ಚಾಗಿ ಎರಡು.

ಭಾರತದಲ್ಲಿ ಆ ಬದಲಾವಣೆ ಪೂರ್ತಿ ಆಗಲಿಲ್ಲ. ನಮ್ಮ ಔಷಧಿ ಅಂಗಡಿಗಳಲ್ಲಿ ಮಾನವ ಇನ್ಸುಲಿನ್ನಿನ ಹತ್ತು ಮಿಲಿಲೀಟರ್ ಬಾಟಲಿ ಈಗಲೂ ಬಹುಮಟ್ಟಿಗೆ 40 ಐಯು ಬಲದ್ದು. ಪೆನ್ನಿನ ಕಾರ್ಟ್ರಿಜ್‌ಗಳು ಮತ್ತು ಹೊಸ ಬಗೆಯ ಕೆಲವು ಇನ್ಸುಲಿನ್‌ಗಳ ಬಾಟಲಿಗಳು 100 ಐಯು. ಎರಡಕ್ಕೂ ಬೇರೆ ಬೇರೆ ಸಿರಿಂಜ್: ನಲವತ್ತರದಕ್ಕೆ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆ ಮುಚ್ಚಳ. ಒಂದು ಮಿಲಿಲೀಟರಿನ ಕೆಂಪು ಸಿರಿಂಜ್ ತುಂಬಿದರೆ ಕೊನೆಯ ಅಂಕಿ 40, ಕಿತ್ತಳೆಯದರಲ್ಲಿ 100. ಕೊಳವೆ ಅಷ್ಟೇ ಗಾತ್ರದ್ದು, ಮೇಲಿನ ಬರಹ ಬೇರೆ.

ಹಾಸನದಿಂದ ಅಮೆರಿಕದ ಮಗಳ ಮನೆಗೆ ಆರು ತಿಂಗಳಿಗೆ ಹೋದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಅವರಿಗೆ ಬೆಳಿಗ್ಗೆ 24 ಯೂನಿಟ್. ನಲವತ್ತರ ಬಾಟಲಿಗಳನ್ನು ಜೊತೆಗೆ ಒಯ್ದಿದ್ದಾರೆ, ಕೆಂಪು ಸಿರಿಂಜ್‌ಗಳು ನಡುವೆ ಮುಗಿದವು. ಮಗಳು ಅಲ್ಲಿಯ ಅಂಗಡಿಯಿಂದ ಇನ್ಸುಲಿನ್ ಸಿರಿಂಜ್ ತಂದಳು. ಅಲ್ಲಿ ಮನುಷ್ಯರಿಗೆ ಸಿಗುವುದು ನೂರರ ಸಿರಿಂಜ್. ನಲವತ್ತರ ಸಿರಿಂಜ್ ಆ ದೇಶದಲ್ಲಿ ಈಗ ನಾಯಿ, ಬೆಕ್ಕುಗಳ ಇನ್ಸುಲಿನ್ನಿಗೆ. ತಾಯಿ ರೂಢಿಯಂತೆ 24ರ ಗೀಟಿಗೆ ಎಳೆದರು. ಸಿರಿಂಜಿಗೆ ಬಂದದ್ದು 0.24 ಮಿ.ಲೀ. ಬಾಟಲಿಯ ಬಲ 40, ಆದ್ದರಿಂದ 0.24 × 40, ಅಂದರೆ 9.6 ಯೂನಿಟ್. ಬೇಕಾದ್ದರಲ್ಲಿ ಅರ್ಧವೂ ಇಲ್ಲ. ಒಂದು ವಾರ ಸಕ್ಕರೆ ಏರುತ್ತಲೇ ಹೋಗುತ್ತದೆ; ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು, ಸುಸ್ತು. ಊಟ ಬದಲಾಯಿತು, ಹವೆ ಬದಲಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹೊಸ ಸಿರಿಂಜ್ ಬಂದ ದಿನವೇ ಏರಿಕೆ ಶುರುವಾಯಿತೇ ಎಂದು ನೋಡಿದರೆ ಕಾರಣ ಸಿಕ್ಕುತ್ತದೆ.

ಕಾರಣ ಗೊತ್ತಾಗದೆ ಪ್ರಮಾಣ ಏರಿಸಿದರೆ ಇನ್ನೊಂದು ಗಂಡಾಂತರ ಕಾದಿರುತ್ತದೆ. ಕಿತ್ತಳೆ ಸಿರಿಂಜಿನಲ್ಲಿ 40ರ ಗೀಟಿಗೆ ಎಳೆಯುವಂತಾಯಿತು ಎನ್ನೋಣ. ಅದು ನಿಜವಾಗಿ 16 ಯೂನಿಟ್. ಊರಿಗೆ ಮರಳಿ ಕೆಂಪು ಸಿರಿಂಜ್ ಹಿಡಿದಾಗ "ನನ್ನದೀಗ ನಲವತ್ತು" ಎಂದು ಎಳೆದರೆ ಒಳಗೆ ಹೋಗುವುದು ನಿಜವಾದ 40 ಯೂನಿಟ್. ಬರಿಯ ಅಂಕಿಯನ್ನು ನೆನಪಿಟ್ಟುಕೊಂಡದ್ದರಿಂದ ಆಗುವ ಅನಾಹುತ ಇದು.

ಇದಕ್ಕೂ ಕೆಟ್ಟದ್ದು ತಿರುಗುಮುರುಗಾದ ಜೋಡಿ. ನೂರರ ಬಾಟಲಿಯನ್ನು ಕೆಂಪು ಸಿರಿಂಜಿನಲ್ಲಿ 24ರ ಗೀಟಿಗೆ ಎಳೆದರೆ 0.6 ಮಿ.ಲೀ., ಅಂದರೆ 60 ಯೂನಿಟ್. ಎರಡೂವರೆ ಪಟ್ಟು. ಬೆವರು, ನಡುಕ, ಹೊಟ್ಟೆ ಸಂಕಟದಂಥ ಹಸಿವು, ಮಾತು ತೊದಲುವುದು, ಆಮೇಲೆ ಎಚ್ಚರ ತಪ್ಪುವುದು. ಎಚ್ಚರವಿದ್ದು ನುಂಗುವ ಸ್ಥಿತಿಯಲ್ಲಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಒಯ್ಯಬೇಕು. ದೀರ್ಘಾವಧಿ ಇನ್ಸುಲಿನ್ ಆಗಿದ್ದರೆ ಒಮ್ಮೆ ಚೇತರಿಸಿಕೊಂಡ ಮೇಲೂ ಸಕ್ಕರೆ ಮತ್ತೆ ಮತ್ತೆ ಕುಸಿಯಬಹುದು.

ನಲವತ್ತರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 24 ಯೂನಿಟ್ ಎಳೆಯಲು ಸಾಧ್ಯವಿಲ್ಲವೆಂದಲ್ಲ. 24 ÷ 40 ಮಾಡಿದರೆ 0.6 ಮಿ.ಲೀ.; ಕಿತ್ತಳೆಯದರಲ್ಲಿ ಅದು 60ರ ಗೀಟು. ಲೆಕ್ಕ ಸರಿ. ಆದರೆ ದಿನವೂ ಮನಸ್ಸಿನಲ್ಲಿ ಈ ಭಾಗಾಕಾರ ಮಾಡುತ್ತ ಬದುಕುವುದು ಯಾರಿಗೂ ಬೇಡ. ಬಾಟಲಿಯ ಅಂಕಿಯೂ ಸಿರಿಂಜಿನ ಅಂಕಿಯೂ ಒಂದೇ ಇರುವ ಜೋಡಿಯನ್ನು ತರಿಸಿಕೊಳ್ಳುವುದೇ ಸರಿಯಾದ ದಾರಿ. ಸಿಗುವ ತನಕ ಏನು ಮಾಡಬೇಕೆಂದು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಬೇಕು.

ಮಿಲಿಲೀಟರಿನ ಲೆಕ್ಕ ನಿಜವಾಗಿ ಬೇಕಾಗುವುದು ಆಸ್ಪತ್ರೆಯ ವಾರ್ಡಿನಲ್ಲಿ, ಇನ್ಸುಲಿನ್ನನ್ನು ಸಲೈನಿಗೆ ಬೆರೆಸಿ ನರಕ್ಕೆ ಹನಿಹನಿಯಾಗಿ ಕೊಡುವಾಗ. ಸಾಮಾನ್ಯವಾಗಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್ ತೆಗೆದುಕೊಂಡು ಒಟ್ಟು 50 ಮಿ.ಲೀ. ಮಾಡುತ್ತಾರೆ, ಆಗ ಒಂದು ಮಿ.ಲೀ.ಗೆ ಒಂದು ಯೂನಿಟ್. ಬಾಟಲಿ ನೂರರದ್ದಾದರೆ 50 ÷ 100, ಅಂದರೆ 0.5 ಮಿ.ಲೀ. ಇನ್ಸುಲಿನ್, 49.5 ಮಿ.ಲೀ. ಸಲೈನ್. ನಲವತ್ತರದ್ದಾದರೆ 1.25 ಮಿ.ಲೀ. ಇನ್ಸುಲಿನ್, 48.75 ಸಲೈನ್. ದೊಡ್ಡ ಸಾಮಾನ್ಯ ಸಿರಿಂಜಿನಲ್ಲಿ ಅರ್ಧ ಮಿಲಿಲೀಟರ್ ಕಣ್ಣಿಗೇ ಸಾಲದಷ್ಟು ಚಿಕ್ಕದಾಗಿ ಕಾಣುತ್ತದೆ. ಐವತ್ತು ಎಂಬ ಅಂಕಿ ದೊಡ್ಡದಲ್ಲವೇ ಎಂದು ಕೈ 5 ಮಿ.ಲೀ. ಎಳೆದರೆ 500 ಯೂನಿಟ್ ಆಯಿತು. ಹತ್ತು ಮಿಲಿಲೀಟರಿನ ಬಾಟಲಿ ಅರ್ಧ ಖಾಲಿಯಾಗಿದೆ ಎಂಬುದೇ ಆಗ ತಪ್ಪಿನ ಗುರುತು. 2010ರಲ್ಲಿ ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ ಈ ಬಗೆಯ ತಪ್ಪುಗಳನ್ನು ಕಂಡು ಇನ್ಸುಲಿನ್ ಪ್ರಮಾಣವನ್ನು ಸದಾ ಇನ್ಸುಲಿನ್ ಸಿರಿಂಜ್ ಅಥವಾ ಪೆನ್ನಿನಿಂದಲೇ ಅಳೆಯಬೇಕೆಂದು ಆಸ್ಪತ್ರೆಗಳಿಗೆ ಸೂಚಿಸಿತು. ಮೇಲಿನ ಅರ್ಧ ಮಿಲಿಲೀಟರನ್ನೂ ಕಿತ್ತಳೆ ಸಿರಿಂಜಿನಲ್ಲಿ 50ರ ಗೀಟಿಗೆ ಎಳೆದು ಸಲೈನಿಗೆ ಸೇರಿಸಿದರೆ ಚುಕ್ಕಿಯ ಗೊಡವೆಯೇ ಇರುವುದಿಲ್ಲ.

ಅದೇ ಸೂಚನೆಯಲ್ಲಿ ಯೂನಿಟ್ ಎಂಬ ಪದವನ್ನು ಪೂರ್ತಿಯಾಗಿ ಬರೆಯಬೇಕು ಎಂಬ ಮಾತೂ ಇತ್ತು. ಅವಸರದ ಕೈಬರಹದಲ್ಲಿ ಇಂಗ್ಲಿಷಿನ ಯು ಅಕ್ಷರದ ಬಾಯಿ ಮುಚ್ಚಿಕೊಂಡರೆ ಸೊನ್ನೆಯಾಗುತ್ತದೆ. 10ರ ಪಕ್ಕದ ಯು 100 ಎಂದು ಓದಿಸುತ್ತದೆ. ಐಯು ಎಂಬ ಜೋಡಿ 10 ಎಂದೂ, ನರಕ್ಕೆ ಚುಚ್ಚಿ ಎಂಬ ಅರ್ಥದ ಐವಿ ಎಂದೂ ಕಾಣಬಲ್ಲದು. ಕನ್ನಡದಲ್ಲಿ 'ಯೂನಿಟ್' ಎಂದು ಬರೆದರೆ ಯಾವ ಅಂಕಿಯಂತೆಯೂ ಕಾಣುವುದಿಲ್ಲ. ಮನೆಯವರಿಗೆ ಬರೆದುಕೊಡುವ ಚೀಟಿಯಲ್ಲಿ ಇನ್ಸುಲಿನ್ನಿನ ಹೆಸರು, ಬಾಟಲಿಯ ಬಲ, "ಬೆಳಿಗ್ಗೆ 24 ಯೂನಿಟ್", ಸಿರಿಂಜಿನ ಮುಚ್ಚಳದ ಬಣ್ಣ, ಇಷ್ಟು ಕನ್ನಡದಲ್ಲಿರಲಿ ಎಂದು ನಾನು ಬಲವಾಗಿ ಬಯಸುತ್ತೇನೆ. ಎಂಎಲ್ ಅಲ್ಲಿ ಬೇಡ.

ಪೆನ್ ಬಳಸುವವರಿಗೆ ಭಾಗಾಕಾರದ ಕೆಲಸವೇ ಇಲ್ಲ. ಪೆನ್ನಿನ ಕಿಂಡಿಯಲ್ಲಿ ಕಾಣುವ ಅಂಕಿ ಯೂನಿಟ್. ಬಲ ಎಷ್ಟೇ ಇದ್ದರೂ ಅದಕ್ಕೆ ತಕ್ಕಷ್ಟು ದ್ರವವನ್ನು ಪೆನ್ನೇ ತಳ್ಳುತ್ತದೆ. ಈಗ ಮಿಲಿಲೀಟರಿಗೆ 200, 300 ಯೂನಿಟ್ ಬಲದ ಪೆನ್ನುಗಳೂ ಬಂದಿವೆ. ಇಂಥ 300ರ ಪೆನ್ ಕೆಟ್ಟಿತೆಂದು ಅದರ ಕಾರ್ಟ್ರಿಜ್‌ಗೆ ಕಿತ್ತಳೆ ಸಿರಿಂಜ್ ಚುಚ್ಚಿ 24ರ ಗೀಟಿಗೆ ಎಳೆದರೆ, 0.24 ಮಿ.ಲೀ. ಒಳಗೆ 72 ಯೂನಿಟ್ ಇರುತ್ತದೆ. ನೂರರಿಂದ ಭಾಗಿಸುವ ಲೆಕ್ಕ ನೂರರ ಬಲಕ್ಕೆ ಮಾತ್ರ ಸಲ್ಲುವುದರಿಂದ, ಪೆನ್ ಕೈಕೊಟ್ಟಾಗ ಬದಲಿ ಪೆನ್ ತರಿಸಿಕೊಳ್ಳಬೇಕು, ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯಬಾರದು.